ಕಿತ್ತ ಹಲ್ಲು, ಹೋಗದ ನೋವು

1677ರ ಡಿಸೆಂಬರ್ ತಿಂಗಳು. ಪ್ಯಾರಿಸ್ಸಿನಲ್ಲಿದ್ದ ಇಂಗ್ಲೆಂಡಿನ ರಾಯಭಾರಿಯ ಮನೆಯಿಂದ ಜಾನ್ ಲಾಕ್‌ಗೆ ಕರೆ ಬಂತು. ಲಾಕ್ ಎಂದರೆ ಇಂದು ತತ್ತ್ವಜ್ಞಾನಿ ಎಂದಷ್ಟೇ ನೆನಪು, ಆದರೆ ಆತ ವೈದ್ಯನೂ ಹೌದು. ರಾಯಭಾರಿಯ ಪತ್ನಿ, ನಾರ್ಥಂಬರ್ಲೆಂಡಿನ ಕೌಂಟೆಸ್, ಮುಖದ ಬಲಭಾಗದ ನೋವಿಗೆ ಚೀರಾಡುತ್ತಿದ್ದಳು. ನೋವು ಬೆಂಕಿಯ ಮಿಂಚಿನಂತೆ ಒಮ್ಮೆಲೇ ನುಗ್ಗುತ್ತಿತ್ತು, ಬಾಯಿ ಕಿವಿಯ ಕಡೆಗೆ ಸೊಟ್ಟಗಾಗುತ್ತಿತ್ತು. ಮಾತಾಡಲು ಹೋದರೆ ಅಥವಾ ವಸಡಿಗೆ ಏನಾದರೂ ತಗುಲಿದರೆ ಮತ್ತೆ ಶುರು. ಲಾಕ್ ಬಂದು ನೋಡುವ ಹೊತ್ತಿಗೆ ಆಕೆಯ ಹಲ್ಲು ಕೀಳಿಸಿಯಾಗಿತ್ತು. ನೋವು ಮಾತ್ರ ಇದ್ದಲ್ಲೇ ಇತ್ತು. ಲಂಡನ್ನಿನ ವೈದ್ಯಮಿತ್ರನಿಗೆ ಲಾಕ್ ಬರೆದ ಪತ್ರಗಳಲ್ಲಿ ಇದೆಲ್ಲ ದಾಖಲಾಗಿದೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ಕಾಯಿಲೆಯ ಅತ್ಯಂತ ಹಳೆಯ ಸ್ಪಷ್ಟ ವರ್ಣನೆಗಳಲ್ಲಿ ಅವೂ ಸೇರಿವೆ.

ಅಲ್ಲಿಂದ ಮೂರೂವರೆ ಶತಮಾನ ಕಳೆದಿದೆ. ಹಲ್ಲಿನ ಎಕ್ಸ್-ರೇ ಬಂದಿದೆ, ಎಂಆರ್‌ಐ ಬಂದಿದೆ. ಆದರೂ ಈ ನರದ ನೋವಿನವರಲ್ಲಿ ಅನೇಕರು ಮೊದಲು ಹೋಗಿ ಕೂರುವುದು ಹಲ್ಲಿನ ಡಾಕ್ಟರ ಕುರ್ಚಿಯಲ್ಲೇ. ಅವರಲ್ಲಿ ಕೆಲವರು ಗಟ್ಟಿ ಹಲ್ಲನ್ನು ಕಳೆದುಕೊಂಡೇ ಏಳುತ್ತಾರೆ. ಇದನ್ನು ಡಾಕ್ಟರ ಅಜ್ಞಾನ ಎಂದೋ ರೋಗಿಯ ದಡ್ಡತನ ಎಂದೋ ತಳ್ಳಿಹಾಕುವಂತಿಲ್ಲ. ದಾರಿ ತಪ್ಪಿಸುವ ಗುಣ ಈ ನೋವಿಗೇ ಇದೆ.

ಮುಖದ ಸ್ಪರ್ಶ, ಬಿಸಿ, ತಂಪು, ನೋವು ಎಲ್ಲವನ್ನೂ ಮಿದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ನರ. ಎಡಕ್ಕೊಂದು, ಬಲಕ್ಕೊಂದು. ಒಂದೊಂದಕ್ಕೂ ಮೂರು ಕವಲು. ಮೇಲಿನದು ಹಣೆ ಮತ್ತು ಕಣ್ಣಿನ ಸುತ್ತ, ನಡುವಿನದು ಕೆನ್ನೆ, ಮೇಲ್ದುಟಿ ಮತ್ತು ಮೇಲಿನ ಹಲ್ಲುಗಳಿಗೆ, ಕೆಳಗಿನದು ಕೆಳದವಡೆ, ಗಲ್ಲ ಮತ್ತು ಕೆಳಗಿನ ಹಲ್ಲುಗಳಿಗೆ. ನ್ಯೂರಾಲ್ಜಿಯಾ ಹೆಚ್ಚಾಗಿ ಕಾಡುವುದು ನಡುವಿನ ಮತ್ತು ಕೆಳಗಿನ ಕವಲುಗಳನ್ನು, ಅಂದರೆ ಹಲ್ಲುಗಳಿರುವ ಎರಡನ್ನೇ. ಹುಳುಕು ಹಲ್ಲಿನ ಸುದ್ದಿ ಹೋಗುವುದೂ ಇದೇ ನರದ ಮೇಲೆ, ಹಲ್ಲಿಗೆ ಸಂಬಂಧವೇ ಇಲ್ಲದ ಸಿಡಿತ ಹೋಗುವುದೂ ಇದರ ಮೇಲೆಯೇ. ನೋವು ಎಲ್ಲಿ ಹುಟ್ಟಿತು ಎಂದು ಮಿದುಳಿಗೆ ತಿಳಿಯುವುದಿಲ್ಲ, ಯಾವ ನರದಿಂದ ಬಂತು ಎಂದಷ್ಟೇ ತಿಳಿಯುತ್ತದೆ. ಹಾಗಾಗಿ ರೋಗಿ ಪ್ರಾಮಾಣಿಕವಾಗಿಯೇ ದವಡೆ ಹಲ್ಲು ತೋರಿಸುತ್ತಾನೆ.

ನಿಜವಾದ ತೊಂದರೆ ಬಹುತೇಕ ಹಲ್ಲಿನಿಂದ ದೂರ, ತಲೆಬುರುಡೆಯೊಳಗೆ ಇರುತ್ತದೆ. ನರ ಮಿದುಳಿನ ಕಾಂಡಕ್ಕೆ ಸೇರುವ ಜಾಗದಲ್ಲಿ ರಕ್ತನಾಳವೊಂದು ಅದಕ್ಕೆ ಒತ್ತಿಕೊಂಡು, ನಾಡಿ ಬಡಿದಾಗಲೆಲ್ಲ ಬಡಿಯುತ್ತಿರುತ್ತದೆ. ವರ್ಷಗಟ್ಟಲೆ ಹೀಗಾದಾಗ ವೈರಿನ ಪ್ಲಾಸ್ಟಿಕ್ ಹೊದಿಕೆ ಸವೆದಂತೆ ನರತಂತುಗಳ ಹೊದಿಕೆ ಸವೆಯುತ್ತದೆ. ಆಮೇಲೆ ಒಂದು ತಂತುವಿನ ಸಂದೇಶ ಪಕ್ಕದ್ದಕ್ಕೆ ಹಾರುತ್ತದೆ. ಕೆನ್ನೆಗೆ ಗಾಳಿ ಸೋಕಿತು ಎಂಬ ಸಾಧಾರಣ ಸುದ್ದಿ ನೋವಿನ ತಂತುಗಳಿಗೆ ದಾಟಿ, ಕರೆಂಟ್ ಹೊಡೆದ ಹಾಗೆ ಮುಖವಿಡೀ ಸಿಡಿಯುತ್ತದೆ. ನಟ ಸಲ್ಮಾನ್ ಖಾನ್ ತಮಗಿದ್ದ ಈ ಕಾಯಿಲೆಯ ಬಗ್ಗೆ ಸಾರ್ವಜನಿಕವಾಗಿಯೇ ಮಾತಾಡಿದ್ದಾರೆ. ಶೂಟಿಂಗ್ ವೇಳೆ ಸಹನಟಿಯೊಬ್ಬರು ಅವರ ಮುಖದ ಮೇಲಿದ್ದ ಕೂದಲೆಳೆ ತೆಗೆದದ್ದಕ್ಕೇ ನೋವು ಎದ್ದಿತ್ತಂತೆ.

ಈಗ ಹಲ್ಲಿನ ಕ್ಲಿನಿಕ್ಕಿಗೆ ಬರೋಣ. ವೈದ್ಯರ ಅನುಭವದಲ್ಲಿ ಮತ್ತೆ ಮತ್ತೆ ಎದುರಾಗುವ ಕಥೆಯೊಂದನ್ನು, ಉದಾಹರಣೆಗೆಂದು, ಐವತ್ತೈದು ದಾಟಿದ ಒಬ್ಬ ಗೃಹಿಣಿಯ ಮೇಲಿಟ್ಟು ನೋಡಬಹುದು.

ಬಲಗಡೆ ಕೆಳದವಡೆಯಲ್ಲಿ ಚಳುಕು. ಹಲ್ಲುಜ್ಜುವಾಗ, ರೊಟ್ಟಿ ಅಗಿಯುವಾಗ, ತಣ್ಣೀರು ಕುಡಿಯುವಾಗ ಬರುತ್ತದೆ. ಎಕ್ಸ್-ರೇ ತೆಗೆದರೆ ಆ ಕಡೆ ಒಂದು ಹಳೆಯ ಫಿಲ್ಲಿಂಗ್, ಅದರ ಅಂಚಿನಲ್ಲಿ ಒಂದಿಷ್ಟು ಹುಳುಕು. ಈ ವಯಸ್ಸಿನಲ್ಲಿ ಯಾರ ಬಾಯಿ ತೆರೆಸಿದರೂ ಇಂಥದ್ದೇನಾದರೂ ಸಿಗುತ್ತದೆ. ಅಗಿದರೆ ನೋವು, ತಣ್ಣಗಿನದು ತಾಗಿದರೆ ನೋವು, ಮೇಲಿಂದ ಹುಳುಕು. ಲೆಕ್ಕ ಸರಿಹೋಯಿತು.

ಡಾಕ್ಟರು ಎಚ್ಚರದವರು. ಖಾತ್ರಿ ಮಾಡಿಕೊಳ್ಳಲು ಆ ಹಲ್ಲಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ನೋವು ನಿಲ್ಲುತ್ತದೆ. ಅಂದ ಮೇಲೆ ನೋವಿನ ಮೂಲ ಈ ಹಲ್ಲೇ ಎಂಬ ತೀರ್ಮಾನ ಸಹಜ. ಮೊದಲ ಬಲೆ ಇರುವುದು ಇಲ್ಲೇ. ನ್ಯೂರಾಲ್ಜಿಯಾದ ಸಿಡಿತ ತಾನಾಗಿ ಏಳುವುದಕ್ಕಿಂತ ಹೆಚ್ಚಾಗಿ ಸ್ಪರ್ಶದಿಂದ ಏಳುತ್ತದೆ. ವಸಡಿನಲ್ಲೋ ತುಟಿಯಂಚಿನಲ್ಲೋ ಮೂಗಿನ ಪಕ್ಕದಲ್ಲೋ ಅದನ್ನು ಎಬ್ಬಿಸುವ ಪುಟ್ಟ ಜಾಗ ಇರುತ್ತದೆ. ಇಂಜೆಕ್ಷನ್‌ನಿಂದ ಆ ಜಾಗವೂ ಮರಗಟ್ಟಿದರೆ ಸ್ಪರ್ಶದ ಸುದ್ದಿಯೇ ಮೇಲಕ್ಕೆ ಹೋಗುವುದಿಲ್ಲ, ಸಿಡಿತವೂ ಏಳುವುದಿಲ್ಲ. ಪರೀಕ್ಷೆ ಸುಳ್ಳು ಹೇಳಲಿಲ್ಲ, ಅದರ ಉತ್ತರಕ್ಕೆ ಎರಡು ಅರ್ಥವಿತ್ತು.

ರೂಟ್ ಕೆನಾಲ್ ಆಯಿತು. ಕೆಲವು ವಾರ ನೋವಿಲ್ಲ. ಆಮೇಲೆ ಮತ್ತೆ ಬಂತು, ಹಲ್ಲು ಕೀಳಿಸಿದರು. ಈ ಸಲ ನಾಲ್ಕು ತಿಂಗಳು ಆರಾಮ. ಹಲ್ಲಿನದೇ ತೊಂದರೆಯಾಗಿತ್ತು ಎಂದು ಮನೆಯವರೆಲ್ಲ ನಿಟ್ಟುಸಿರಿಟ್ಟರು. ಎರಡನೆಯ ಬಲೆ ಇದು. ಈ ಕಾಯಿಲೆ, ಅದರಲ್ಲೂ ಆರಂಭದ ವರ್ಷಗಳಲ್ಲಿ, ವಾರ, ತಿಂಗಳುಗಟ್ಟಲೆ ತಾನಾಗಿಯೇ ಸುಮ್ಮನಿರುತ್ತದೆ. ನೋವು ತುತ್ತತುದಿಯಲ್ಲಿದ್ದಾಗಲೇ ಜನ ಹಲ್ಲು ಕೀಳಿಸುವುದು, ಸಾಮಾನ್ಯವಾಗಿ ಅದರ ಮುಂದಿನ ಹಂತ ಇಳಿತವೇ. ಕಿತ್ತದ್ದಕ್ಕೂ ಇಳಿದದ್ದಕ್ಕೂ ಗಂಟು ಬೀಳುತ್ತದೆ. ನೋವು ಮರಳಿದಾಗ ಪಕ್ಕದ ಹಲ್ಲಿನ ಮೇಲೆ ಅನುಮಾನ. ಅಲ್ಲಿಗೆ ಬಾಯಲ್ಲಿ ಒಂದೊಂದೇ ಹಲ್ಲು ಖಾಲಿಯಾಗುತ್ತ ಹೋಗುತ್ತದೆ.

ಹಾಗಾದರೆ ಬೇರೆ ಮಾಡುವುದು ಹೇಗೆ? ಮೊದಲು ಕೇಳಬೇಕಾದದ್ದು, ನೋವು ಎಷ್ಟು ಹೊತ್ತು ಇರುತ್ತದೆ ಎಂಬುದು. ಹುಳುಕು ಹಲ್ಲಿನ ತಿರುಳಿನವರೆಗೆ ಇಳಿದಾಗ ತಣ್ಣೀರು ತಾಗಿ ಎದ್ದ ನೋವು, ನೀರು ನುಂಗಿದ ಮೇಲೂ ಜಿನುಗುತ್ತಲೇ ಇರುತ್ತದೆ. ರಾತ್ರಿ ಮಲಗಿದರೆ ಡವಡವ ಎಂದು ಬಡಿದುಕೊಳ್ಳುತ್ತದೆ, ನಿದ್ದೆಗೆಡಿಸುತ್ತದೆ. ನ್ಯೂರಾಲ್ಜಿಯಾದ ಒಂದು ಸಿಡಿತ ಕಣ್ಣು ಮಿಟುಕಿಸುವಷ್ಟು ಹೊತ್ತಿನಿಂದ ಹೆಚ್ಚೆಂದರೆ 2 ನಿಮಿಷ. ಒಂದರ ಹಿಂದೊಂದು ಬರಬಹುದು, ಆದರೆ ನಡುನಡುವೆ ಬಿಡುವಿರುತ್ತದೆ. ನಿದ್ದೆಯಿಂದ ಎಬ್ಬಿಸುವುದು ಅಪರೂಪ. ಹಲ್ಲುನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆ ಸ್ವಲ್ಪವಾದರೂ ಆರಾಮ ಕೊಡುತ್ತದೆ. ಈ ಸಿಡಿತಕ್ಕೆ ಅದು ನಾಟುವುದೇ ಇಲ್ಲ.

ಎರಡನೆಯದು, ಎಂಥ ಮುಟ್ಟುವಿಕೆ ನೋಯಿಸುತ್ತದೆ ಎಂಬುದು. ಬೇರಿನ ತುದಿಯಲ್ಲಿ ಸೋಂಕಿದ್ದರೆ ಕನ್ನಡಿಯ ಹಿಡಿಯಿಂದ ಆ ಹಲ್ಲನ್ನು ಟಕ್ಕೆಂದು ತಟ್ಟಿದಾಗ ರೋಗಿ ಬೆಚ್ಚುತ್ತಾನೆ, ಕೆನ್ನೆ ಸವರಿದರೆ ಏನೂ ಆಗುವುದಿಲ್ಲ. ನ್ಯೂರಾಲ್ಜಿಯಾದಲ್ಲಿ ಹೆಚ್ಚಾಗಿ ಇದು ತಿರುಗುಮುರುಗು: ಹಲ್ಲು ತಟ್ಟಿಸಿಕೊಂಡಾನು, ಹತ್ತಿಯ ಎಳೆ ತುಟಿಗೆ ಸೋಕಿದರೆ ತಡೆಯಲಾರ. ಅನುಭವಿ ವೈದ್ಯರು ಬಾಯಿ ತೆರೆಸುವ ಮೊದಲೇ ಮುಖ ನೋಡುತ್ತಾರೆ. ಒಂದು ಕಡೆ ಗಡ್ಡ ಹೆರೆಯದೆ ಬಿಟ್ಟಿರುವ ಗಂಡಸು, ಫ್ಯಾನಿನ ಗಾಳಿಗೆ ಸೆರಗು ಅಡ್ಡ ಹಿಡಿದ ಹೆಂಗಸು, ನೋವಿನ ಜಾಗ ತೋರಿಸುವಾಗ ಚರ್ಮಕ್ಕೆ ತಾಗದಂತೆ ಅಂಗುಲ ದೂರದಲ್ಲೇ ನಿಲ್ಲುವ ಬೆರಳು. ಹಲ್ಲುನೋವಿನವನಾದರೋ ಅಂಗೈಯಿಂದ ಕೆನ್ನೆ ಒತ್ತಿ ಹಿಡಿದುಕೊಂಡೇ ಬರುತ್ತಾನೆ.

ಇಷ್ಟಾದರೂ ಗೆರೆ ಎಳೆದಂತೆ ಬೇರ್ಪಡಿಸಲು ಆಗದ ಸಂದರ್ಭಗಳಿವೆ. ಒಂದು, ಬಿರುಕು ಬಿಟ್ಟ ಹಲ್ಲು. ಗಟ್ಟಿಯಾದದ್ದನ್ನು ಕಚ್ಚಿದಾಗ, ಕೆಲವೊಮ್ಮೆ ಕಚ್ಚು ಬಿಟ್ಟಾಗ, ಅದೂ ಕ್ಷಣಮಾತ್ರ ಚಳಕ್ಕೆನ್ನುತ್ತದೆ. ಬಿರುಕು ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ಹಲ್ಲಿನ ಒಂದೊಂದೇ ಮೂಲೆಯ ಮೇಲೆ ಪುಟ್ಟ ಪ್ಲಾಸ್ಟಿಕ್ ಕಡ್ಡಿಯಿಟ್ಟು ಕಚ್ಚಿಸಿ ನೋಡುತ್ತಾರೆ. ಒಂದೇ ಹಲ್ಲಿನ ಒಂದೇ ಮೂಲೆಯಲ್ಲಿ ಪ್ರತಿಸಲವೂ ನೋವೆದ್ದರೆ ತಪ್ಪು ಹಲ್ಲಿನದೇ. ಇನ್ನೊಂದು ಕಷ್ಟದ್ದು: ಕೆಲವರಿಗೆ ನ್ಯೂರಾಲ್ಜಿಯಾ ತನ್ನ ನಿಜರೂಪ ತೋರುವ ಮೊದಲು ಗಂಟೆಗಟ್ಟಲೆ ಮಂದವಾಗಿ ನೋಯುತ್ತದೆ, ಥೇಟ್ ಹಲ್ಲುನೋವಿನಂತೆ. ಸಿಡಿತ ಕಾಣಿಸಿಕೊಳ್ಳುವುದು ಆಮೇಲೆ. ಆ ಹಂತದಲ್ಲಿ ರೋಗ ಹಿಡಿಯುವುದು ಪರಿಣತರಿಗೂ ಕಷ್ಟವೇ. ಹಲ್ಲಿನಲ್ಲಿ ಖಚಿತವಾದ ಕಾರಣ ಸಿಗದಿದ್ದರೆ ಕೆಲವು ವಾರ ಕಾದು ನೋಡುವುದೇ ಕೈಯಲ್ಲಿರುವ ದಾರಿ.

ಅನುಮಾನ ನರದ ಕಡೆ ತಿರುಗಿದರೆ ಮುಂದಿನ ಹೆಜ್ಜೆ ನರರೋಗ ತಜ್ಞರದು. ಎಂಆರ್‌ಐ ಮಾಡಿಸುವುದು ಮುಖ್ಯವಾಗಿ ಗಡ್ಡೆಯಾಗಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಆಗಲಿ ನೋವಿನ ಹಿಂದೆ ಇಲ್ಲ ಎಂದು ಖಾತ್ರಿಪಡಿಸಿಕೊಳ್ಳಲು. ವಯಸ್ಸು ನಲವತ್ತರ ಒಳಗಿದ್ದರೆ, ಮುಖ ಜೋಮು ಹಿಡಿದಿದ್ದರೆ, ಎರಡೂ ಕಡೆ ನೋವಿದ್ದರೆ, ಕಿವಿ ಮಂದವಾಗಿದ್ದರೆ ಈ ಅನುಮಾನ ಹೆಚ್ಚು. ನರಕ್ಕೆ ತಾಗಿದ ರಕ್ತನಾಳವೂ ಸ್ಕ್ಯಾನಿನಲ್ಲಿ ಕಾಣಬಹುದು. ಆದರೆ ನೋವೇ ಇಲ್ಲದ ಎಷ್ಟೋ ಜನರಲ್ಲೂ ಹಾಗೆ ತಾಗಿರುತ್ತದೆ. ಆದ್ದರಿಂದ ರೋಗನಿರ್ಣಯ ನಿಲ್ಲುವುದು ರೋಗಿ ಹೇಳುವ ವಿವರದ ಮೇಲೆಯೇ.

ಮೊದಲ ಔಷಧಿ ಕಾರ್ಬಮಝೆಪಿನ್, ಫಿಟ್ಸ್‌ಗೆ ಕೊಡುವ ಮಾತ್ರೆ. 1960ರ ದಶಕದಿಂದ ಈ ನೋವಿಗೂ ಬಳಕೆಯಲ್ಲಿದೆ. ಸಣ್ಣ ಪ್ರಮಾಣದಲ್ಲಿ ಶುರುಮಾಡಿ ಕೆಲವು ದಿನಗಳಿಗೊಮ್ಮೆ ಏರಿಸುತ್ತಾರೆ. ಬಹಳ ಮಂದಿಗೆ ಕೆಲವೇ ದಿನಗಳಲ್ಲಿ ಸಿಡಿತ ತಗ್ಗುತ್ತದೆ. ತಲೆಸುತ್ತು, ಮಂಪರು, ರಕ್ತದಲ್ಲಿ ಸೋಡಿಯಂ ಇಳಿಯುವುದು ಇದರ ತೊಡಕುಗಳು. ಅಪರೂಪಕ್ಕೆ ಮೈಮೇಲೆ ದದ್ದೆದ್ದು ಚರ್ಮ ಸುಲಿಯುವ ಪ್ರಾಣಾಪಾಯದ ಅಲರ್ಜಿಯೂ ಆಗಬಹುದು. ಏಷ್ಯಾದ ಕೆಲವು ಜನಸಮುದಾಯಗಳಲ್ಲಿ ಒಂದು ನಿರ್ದಿಷ್ಟ ಜೀನ್ ಇದ್ದವರಿಗೆ ಈ ಅಪಾಯ ಹೆಚ್ಚು. ಹಾಗಾಗಿ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಮಾತ್ರೆ ಇದಲ್ಲ.

ಔಷಧಿ ಸಾಲದಿದ್ದರೆ ಶಸ್ತ್ರಚಿಕಿತ್ಸೆ. ಅಮೆರಿಕದ ಪೀಟರ್ ಜನೆಟಾ 1960ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಕಿವಿಯ ಹಿಂದೆ ತಲೆಬುರುಡೆಯಲ್ಲಿ ಸಣ್ಣ ಕಿಂಡಿ ತೆಗೆದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ರಕ್ತನಾಳವನ್ನು ನರದಿಂದ ಬಿಡಿಸಿ, ನಡುವೆ ಟೆಫ್ಲಾನ್ ತುಣುಕೊಂದನ್ನು ಇಡುತ್ತಾರೆ. ಹೆಚ್ಚಿನವರಿಗೆ ನೋವು ವರ್ಷಗಟ್ಟಲೆ ಬರುವುದಿಲ್ಲ, ಕೆಲವರಿಗೆ ಮರಳುತ್ತದೆ. ಅಷ್ಟು ದೊಡ್ಡ ಆಪರೇಷನ್ ತಾಳಲಾರದವರಿಗೆ ತಲೆ ತೆರೆಯದೆ ವಿಕಿರಣ ಹಾಯಿಸುವ ಗಾಮಾ ನೈಫ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಯಂತ್ರವಿದೆ. ಅದರ ಫಲ ಕಾಣಲು ವಾರ, ತಿಂಗಳುಗಳೇ ಹಿಡಿಯುತ್ತವೆ, ಮುಖದಲ್ಲಿ ಜೋಮು ಉಳಿಯುವ ಸಾಧ್ಯತೆಯೂ ಇದೆ.

ಹಲ್ಲು ಕೀಳಿಸುವ ಮುನ್ನ ರೋಗಿ ತಾನೇ ಮಾಡಬಹುದಾದ ಕೆಲಸವೊಂದಿದೆ. ನೋವು ಬಂದಾಗಲೆಲ್ಲ ಅದು ಎಷ್ಟು ಹೊತ್ತು ಇತ್ತು, ಯಾವುದು ತಾಗಿ ಎದ್ದಿತು, ರಾತ್ರಿ ಎಬ್ಬಿಸಿತೇ, ನಡುವೆ ಎಷ್ಟು ದಿನ ಬಿಡುವಿತ್ತು ಎಂದು ಚೀಟಿಯಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸುವುದು. ಎಕ್ಸ್-ರೇಯಲ್ಲಿ ಹುಳುಕು ನಿಜವಾಗಿಯೂ ಇದ್ದರೆ ಅದಕ್ಕೆ ಚಿಕಿತ್ಸೆ ಆಗಲೇಬೇಕು, ನ್ಯೂರಾಲ್ಜಿಯಾ ಇದ್ದವರಿಗೆ ಹಲ್ಲು ಹುಳುಕಾಗಬಾರದೆಂದೇನಿಲ್ಲ. ಆದರೆ ಸರಿಯಾಗಿ ಮಾಡಿದ ರೂಟ್ ಕೆನಾಲ್ ಆದ ಮೇಲೂ ಅದೇ ಸಿಡಿತ ಮರಳಿದರೆ, ಪಕ್ಕದ ಹಲ್ಲಿಗೆ ಕೈಹಾಕುವ ಮೊದಲು ನರರೋಗ ತಜ್ಞರನ್ನು ಕಾಣುವುದು ಒಳಿತು.