ನಾಲ್ಕು ಸ್ವರದಿಂದ ಒಂದು ಧಾಟಿ

ಸುಗಮ ಸಂಗೀತದ ಸಂಯೋಜಕರು ಹಾರ್ಮೋನಿಯಂ ಮುಂದೆ ಕೂತು ಹೊಸ ಕವಿತೆಗೆ ಧಾಟಿ ಹುಡುಕುವುದನ್ನು ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅವರು ಇಡೀ ಹಾಡನ್ನು ಒಮ್ಮೆಲೇ ಹುಡುಕುವುದಿಲ್ಲ. ಮೂರೋ ನಾಲ್ಕೋ ಸ್ವರಗಳ ಒಂದು ತುಣುಕು ಕೈಗೆ ಸಿಗುವ ತನಕ ತಡಕಾಡುತ್ತಾರೆ. ಅದು ಸಿಕ್ಕ ಮೇಲೆ ಉಳಿದದ್ದನ್ನು ಅದರಿಂದಲೇ ಬೆಳೆಸುತ್ತಾರೆ. ಆ ಬೆಳೆಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮೋಹನ ರಾಗದಲ್ಲಿ ಒಂದು ಪುಟ್ಟ ಧಾಟಿ ಕಟ್ಟುತ್ತಲೇ ನೋಡೋಣ.

ಮೋಹನಕ್ಕೆ ಐದೇ ಸ್ವರ: ಸ ರಿ ಗ ಪ ದ. ನಮ್ಮ ತುಣುಕು ಹೀಗಿರಲಿ: ಗ ಪ ಗ ರಿ. ಒಂದು ಎಣಿಕೆಗೆ ಒಂದು ಸ್ವರ. ಆದಿತಾಳದ ಎಂಟು ಎಣಿಕೆಯಲ್ಲಿ ಇದು ಮೊದಲ ನಾಲ್ಕನ್ನು, ಅಂದರೆ ಲಘುವನ್ನು, ತುಂಬುತ್ತದೆ. ಉಳಿದ ಎರಡು ದ್ರುತಗಳಿಗೆ ಏನು ಹಾಕುವುದು? ಸದ್ಯಕ್ಕೆ ಅದನ್ನೇ ಮತ್ತೊಮ್ಮೆ ಹಾಡಿದರಾಯಿತು. ಮೊದಲ ಸಲ ಕೇಳುಗನಿಗೆ ಅದು ಯಾವುದೋ ನಾಲ್ಕು ಸ್ವರ, ಎರಡನೆಯ ಸಲ ಪರಿಚಿತ ಮುಖ. ಆದರೆ ಮೂರನೆಯ ಸಲವೂ ಹಾಗೇ ಬಂದರೆ ಕಿವಿ ಬೇರೆ ಕಡೆ ಹೋಗುತ್ತದೆ.

ಹಾಗಾಗಿ ಮೂರನೆಯ ಸಲ ತುಣುಕನ್ನು ಒಂದು ಮೆಟ್ಟಿಲು ಕೆಳಗಿಳಿಸೋಣ: ರಿ ಗ ರಿ ಸ. ಆಕಾರ ಅದೇ, ಜಾಗ ಬೇರೆ. ಶಾಸ್ತ್ರೀಯ ಸಂಗೀತ ಕಲಿತವರಿಗೆ ಇದು ಹೊಸದಲ್ಲ, ಸಪ್ತತಾಳ ಅಲಂಕಾರಗಳೆಲ್ಲ ನಡೆಯುವುದೇ ಹೀಗೆ. ಬೀಥೋವನ್‌ನ ಐದನೆಯ ಸಿಂಫನಿ (1808, ವಿಯೆನ್ನಾ) ಶುರುವಾಗುವುದೂ ಹೀಗೆಯೇ. ಒಂದೇ ಸ್ವರ ಮೂರು ಸಲ ಚುಟುಕಾಗಿ, ಆಮೇಲೆ ಕೆಳಗಿನದೊಂದು ದೀರ್ಘವಾಗಿ; ಮರುಕ್ಷಣವೇ ಅದೇ ಆಕಾರ ಒಂದು ಮೆಟ್ಟಿಲು ಕೆಳಗೆ.

ಇಲ್ಲೊಂದು ಎಚ್ಚರ ಬೇಕು. ಇಳಿಸಬೇಕಾದದ್ದು ರಾಗದ ಮೆಟ್ಟಿಲಲ್ಲಿ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಲ್ಲ. ಗ ಇಂದ ಪ ಮೂರು ಮನೆ ದೂರ. ರಿ ಇಂದ ಗ ಎರಡೇ ಮನೆ. ನಾಲ್ಕೂ ಸ್ವರಗಳನ್ನು ಸಮನಾಗಿ ಎರಡೆರಡು ಮನೆ ಇಳಿಸಿದರೆ ರಿ ಮ ರಿ ಸ ಬರುತ್ತದೆ. ಮೋಹನದಲ್ಲಿ ಇಲ್ಲದ ಶುದ್ಧ ಮಧ್ಯಮ ಒಳಗೆ ನುಗ್ಗಿತು, ರಾಗ ಕೆಟ್ಟಿತು. ಅಂತರ ಸ್ವಲ್ಪ ಹಿಗ್ಗಿ ಕುಗ್ಗಿದರೂ ಏರಿಳಿತದ ಆಕಾರ ಉಳಿದಿದ್ದರೆ ಕಿವಿ ಗುರುತು ಹಿಡಿಯುತ್ತದೆ. ಇನ್ನೊಂದು ಅಪಾಯ ಇಳಿಸುವುದನ್ನು ಮುಂದುವರಿಸುತ್ತಲೇ ಹೋಗುವುದು. ಎರಡು ಮೆಟ್ಟಿಲು ಚೆಂದ, ಮೂರು ಸರಿ. ನಾಲ್ಕನೆಯದನ್ನು ಕೇಳುಗ ಮೊದಲೇ ಊಹಿಸಿರುತ್ತಾನೆ. ಹಾಡು ಬೆಳಗಿನ ಸಾಧನೆಯಂತೆ ಕೇಳತೊಡಗುತ್ತದೆ.

ಈಗ ನಿಲುಗಡೆಯ ಮಾತು. ಮೊದಲ ಎರಡು ಆವರ್ತಗಳನ್ನು ರಿ ಮೇಲೆ ನಿಲ್ಲಿಸೋಣ. ಅಲ್ಪವಿರಾಮ ಇದ್ದಲ್ಲಿ ಹಿಂದಿನ ಸ್ವರವನ್ನೇ ಎಳೆಯಬೇಕು.

ಗ ಪ ಗ ರಿ | ಗ ಪ ಗ ರಿ
ರಿ ಗ ರಿ ಸ | ರಿ , , ,

ಷಡ್ಜದ ಹೊಸ್ತಿಲಲ್ಲಿ ನಿಂತು ಒಳಗೆ ಬಾರದಂತಿದೆ. ನಡುವೆ ಒಂದು ಸ ಬಂದು ಹೋಯಿತಲ್ಲ ಎನ್ನಬಹುದು. ಅದು ಒಂದೇ ಎಣಿಕೆಯದು, ಹಾದಿಯಲ್ಲಿ ಸಿಕ್ಕದ್ದು. ಕಿವಿ ನಂಬುವುದು ಎಳೆದ ಸ್ವರವನ್ನು. ಇದು ಪ್ರಶ್ನೆಯಾಯಿತು, ಉತ್ತರ ಹೀಗಿರಲಿ:

ಗ ಪ ಗ ರಿ | ಗ ಪ ದ ಪ
ಗ ರಿ ಸ ದ | ಸ , , ,

ಉತ್ತರದ ಮೊದಲ ಸಾಲಿನ ಮೊದಲರ್ಧ ಪ್ರಶ್ನೆಯದ್ದೇ. ಅದಕ್ಕೇ ಎರಡೂ ಒಂದೇ ಮಾತುಕತೆಗೆ ಸೇರಿದವು ಎಂದು ತಿಳಿಯುತ್ತದೆ. ಎರಡನೆಯರ್ಧವೂ ಗ ಪ ಎಂದೇ ಶುರುವಾಗಿ ಕೇಳುಗನನ್ನು ಏಮಾರಿಸಿ ದ ಮುಟ್ಟುತ್ತದೆ. ಇಡೀ ಧಾಟಿಯ ಎತ್ತರದ ಸ್ವರ ಅದೊಂದೇ, ಅದೂ ಒಂದೇ ಸಲ. ಇದನ್ನು ಪ್ರಶ್ನೆಯಲ್ಲೇ ಖರ್ಚು ಮಾಡಿದ್ದರೆ ಉತ್ತರ ಸಪ್ಪೆಯಾಗುತ್ತಿತ್ತು. ಕೊನೆಯ ಸಾಲಿನ ದ ಮಂದ್ರದ್ದು. ಷಡ್ಜದ ಕೆಳಗಿಳಿದು ಮತ್ತೆ ಮೇಲೆ ಬಂದು ನಿಲ್ಲುವುದರಿಂದ ಮುಕ್ತಾಯ ಗಟ್ಟಿಯಾಗುತ್ತದೆ.

ಮೂವತ್ತೆರಡು ಎಣಿಕೆಯ ಧಾಟಿ ಮುಗಿಯಿತು. ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯುವ ಕವಿತೆಯಾದರೆ ಪದಗಳು ಇದರೊಳಗೆ ಸಲೀಸಾಗಿ ಕೂರುತ್ತವೆ. ಐದು ಮಾತ್ರೆಯ ನಡಿಗೆಯದಾದರೆ ತುಣುಕನ್ನೇ ಗ ಪ , ಗ ರಿ ಎಂದು ಹಿಗ್ಗಿಸಿ, ತಾಳವನ್ನೂ ಬದಲಿಸಿ ಮೊದಲಿನಿಂದ ಕಟ್ಟಬೇಕು. ಪದಗಳನ್ನು ಎಳೆದು ತುರುಕಿದರೆ ಹ್ರಸ್ವ ದೀರ್ಘವಾಗಿ ಅರ್ಥವೇ ಕೆಡುತ್ತದೆ. ನಮ್ಮ ಎಷ್ಟೋ ಭಾವಗೀತೆಗಳ ಧಾಟಿಯಲ್ಲಿ ಈ ತಪ್ಪು ಕೇಳುತ್ತಲೇ ಇದ್ದೇವೆ.

ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ನಾಲ್ಕೂ ಸಾಲು ನುಡಿಸಿ ನೋಡಿ. ಆಮೇಲೆ ಕೊನೆಯ ಸ ಬದಲು ರಿ ಮೇಲೆ ನಿಲ್ಲಿಸಿ. ಪಕ್ಕದಲ್ಲಿ ಕೂತವರು, ಸಂಗೀತ ಬಾರದವರಾದರೂ, ಮುಂದೇನು ಎಂದು ಕೇಳುತ್ತಾರೆ.