ದುರ್ಬಲ ಹೃದಯಕ್ಕೆ ನಾಲ್ಕು ಔಷಧ

ಹೃದಯದ ಎಡ ಕೋಣೆ ಪ್ರತಿ ಬಡಿತಕ್ಕೂ ತನ್ನಲ್ಲಿರುವ ರಕ್ತದ ಶೇ. 40 ಅಥವಾ ಅದಕ್ಕಿಂತ ಕಡಿಮೆ ಭಾಗವನ್ನಷ್ಟೇ ಹೊರದೂಡುತ್ತಿದ್ದರೆ ನಾಲ್ಕು ಗುಂಪಿನ ಔಷಧ ಬೇಕಾಗುತ್ತದೆ: ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟನ್, ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್ ಇವುಗಳ ಪ್ರತಿನಿಧಿಗಳು. ಕೊನೆಯದು ಮೊದಲ ದಿನದಿಂದಲೇ 10 ಮಿಲಿಗ್ರಾಂ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಕೊಡುತ್ತಾರೆ. ಉಳಿದವನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ ಏರಿಸುತ್ತಾರೆ.

ಬೀಟಾ ಬ್ಲಾಕರ್ ಆದ ಮೆಟೊಪ್ರೊಲಾಲ್ ಸಕ್ಸಿನೇಟನ್ನೇ ನೋಡಿ. ಮೈಯಲ್ಲಿ ತುಂಬಿದ ನೀರು ಇಳಿದ ಮೇಲೆ 25 ಮಿಲಿಗ್ರಾಂ. ತಡೆದುಕೊಂಡರೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ದುಪ್ಪಟ್ಟು: 50, 100, ಕೊನೆಗೆ 200. ನಾಡಿ 50ಕ್ಕಿಂತ ಇಳಿದರೆ, ತಲೆ ಸುತ್ತಿದರೆ, ತೂಕ ದಿಢೀರನೆ ಏರಿದರೆ ಡೋಸ್ ಹೆಚ್ಚಿಸುವುದಿಲ್ಲ. ಸ್ಪೈರೊನೊಲ್ಯಾಕ್ಟೋನ್ ಶುರುವಾದ ವಾರದಲ್ಲೇ ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಆಗಲೇಬೇಕು.

ಉಸಿರಾಟ ಸಲೀಸಾಯಿತೆಂದು ಚಿಕ್ಕ ಡೋಸಿನಲ್ಲೇ ಉಳಿಯುವುದು ತಪ್ಪು. ಮುಂದಿನ ಭೇಟಿಯಲ್ಲಿ "ಡೋಸ್ ಏರಿಸಬಹುದೇ ಡಾಕ್ಟರೇ?" ಎಂದು ನೀವೇ ಕೇಳಿ.