ಲಿಂಕ್ ಇದೆ, ಹಾಗಾದರೆ ಸಭೆ ಎಲ್ಲಿ?

ನಮ್ಮ ವಸತಿ ಸಮುಚ್ಚಯದ ಮಾಲೀಕರ ಸಂಘದ ವಾರ್ಷಿಕ ಸಭೆಗೆ ಒಮ್ಮೆ ಹೀಗೊಂದು ನೋಟಿಸ್ ಬಂತು: ‘ಭಾನುವಾರ ಬೆಳಿಗ್ಗೆ 11ಕ್ಕೆ ಸಭೆ. ಸ್ಥಳ: ಸಭಾಂಗಣ.’ ಕೆಳಗೆ ಒಂದು ಗೂಗಲ್ ಮೀಟ್ ಲಿಂಕ್. ಲಿಂಕ್ ಕಂಡವರಲ್ಲಿ ಅನೇಕರು ಮನೆಯಲ್ಲೇ ಉಳಿದು ಫೋನ್ ತೆರೆದರು. ಸ್ಥಳ ಓದಿದವರು ಸಭಾಂಗಣಕ್ಕೆ ಬಂದರು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಮೈಕ್ ಇರಲಿಲ್ಲ, ಲಿಂಕ್ ತೆರೆಯುವವರೂ ಇರಲಿಲ್ಲ. ಮನೆಯಲ್ಲಿ ಕೂತವರು ಮುಕ್ಕಾಲು ಗಂಟೆ ಕಾದು ಎದ್ದರು.

ಕಾರಣ ಆಮೇಲೆ ತಿಳಿಯಿತು. ಕಾರ್ಯದರ್ಶಿಗಳು ಗೂಗಲ್ ಕ್ಯಾಲೆಂಡರ್‌ನಲ್ಲಿ ಸಭೆ ನಮೂದಿಸಿ ಸದಸ್ಯರ ವಿಳಾಸಗಳನ್ನು ಸೇರಿಸಿದ್ದರು. ಹಾಗೆ ಸೇರಿಸಿದಾಗ ಕ್ಯಾಲೆಂಡರ್ ಎಷ್ಟೋ ಸಲ ಮೀಟ್ ಲಿಂಕನ್ನು ತಾನಾಗಿಯೇ ಅಂಟಿಸಿಬಿಡುತ್ತದೆ. ಅದನ್ನು ಅಳಿಸದೆ, ಇಡೀ ಒಕ್ಕಣೆಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರು. ಆನ್‌ಲೈನ್ ಸಭೆ ನಡೆಸುವ ಯೋಚನೆಯೇ ಅವರಿಗೆ ಇರಲಿಲ್ಲ.

ಸ್ಥಳ, ಲಿಂಕ್ ಎರಡನ್ನೂ ಬರೆದರೆ ಸಭೆಯ ರೀತಿಯನ್ನು ಹೇಳಿದಂತಾಗುವುದಿಲ್ಲ, ಅದನ್ನು ಓದುಗರ ಊಹೆಗೆ ಬಿಟ್ಟಂತಾಗುತ್ತದೆ. ಖುದ್ದಾಗಿ ಮಾತ್ರವೋ, ಆನ್‌ಲೈನ್ ಮಾತ್ರವೋ, ಎರಡೂ ಸೇರಿದ ಹೈಬ್ರಿಡ್ಡೋ ಎಂಬುದು ಮೊದಲ ಸಾಲಿನಲ್ಲೇ ಮಾತಿನಲ್ಲಿ ಬರಬೇಕು. ಖುದ್ದಾಗಿ ಮಾತ್ರ ಎಂದಾದರೆ ಲಿಂಕ್ ಅಳಿಸಿಬಿಡಬೇಕು. ನಮ್ಮ ಸಂಘ ಈಗ ಹೀಗೆ ಬರೆಯುತ್ತದೆ:

> ವಾರ್ಷಿಕ ಸಭೆ (ಹೈಬ್ರಿಡ್): ಸಭಾಂಗಣಕ್ಕೆ ಬರಬಹುದು ಅಥವಾ ಆನ್‌ಲೈನ್‌ನಲ್ಲಿ ಸೇರಬಹುದು.
> ಭಾನುವಾರ, ಜುಲೈ 12, ಬೆಳಿಗ್ಗೆ 11, ಭಾರತೀಯ ಕಾಲಮಾನ.
> ಸ್ಥಳ: ಬಿ ಬ್ಲಾಕ್ ಸಭಾಂಗಣ, ನೆಲಮಹಡಿಯಿಂದ ಒಂದು ಮಹಡಿ ಮೇಲೆ. 2ನೇ ಗೇಟಿನಿಂದ ಬನ್ನಿ. ಲಿಫ್ಟ್ ಇದೆ.
> ಲಿಂಕ್: meet.google.com/abc-defg-hij
> 10.45ಕ್ಕೆ ತೆರೆಯುತ್ತದೆ. ಆನ್‌ಲೈನ್‌ನಲ್ಲಿರುವವರು ಪ್ರಶ್ನೆ ಕೇಳಬಹುದು, ಮತ ಹಾಕಲು ಖುದ್ದಾಗಿ ಬರಬೇಕು.

ಮಹಡಿಯ ವಿವರ ಅತಿಯಾಯಿತು ಎನಿಸಬಹುದು. ನಾವು ಮೊದಲ ಮಹಡಿ ಎನ್ನುವುದು ನೆಲಮಹಡಿಯ ಮೇಲಿನದನ್ನು, ಅಮೆರಿಕದಲ್ಲಿ ನೆಲಮಹಡಿಯೇ ಮೊದಲನೆಯದು. ರಜೆಗೆ ಬಂದ ಮಕ್ಕಳು ತಂದೆತಾಯಿಯ ಪರವಾಗಿ ಸಭೆಗೆ ಬರುವುದು ನಮ್ಮಲ್ಲಿ ಸಾಮಾನ್ಯ. ಲಿಫ್ಟ್ ವಿಷಯವಂತೂ ಮೊಣಕಾಲು ನೋವಿರುವ ಹಿರಿಯರು ಬರುವುದೋ ಬೇಡವೋ ಎಂದು ತೀರ್ಮಾನಿಸುವ ಸಂಗತಿ. ಕಂಪನಿಗಳ ಮಹಾಸಭೆಗೆ ಅನ್ವಯಿಸುವ ಎಸ್‌ಎಸ್-2 ಎಂಬ ಮಾನದಂಡ ನೋಟಿಸಿನಲ್ಲಿ ಪೂರ್ಣ ವಿಳಾಸ ಮಾತ್ರವಲ್ಲ, ದಾರಿಯ ನಕ್ಷೆ ಮತ್ತು ಹೆಗ್ಗುರುತನ್ನೂ ಕೇಳುತ್ತದೆ. 2020ರಲ್ಲಿ ಕೋವಿಡ್‌ನಿಂದಾಗಿ ಕಂಪನಿಗಳ ವಾರ್ಷಿಕ ಮಹಾಸಭೆ ವಿಡಿಯೊ ಮೂಲಕ ನಡೆಯಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಾಗ, ಸೇರುವ ಸೌಲಭ್ಯ 15 ನಿಮಿಷ ಮೊದಲೇ ತೆರೆದಿರಬೇಕೆಂದು ಸುತ್ತೋಲೆಯಲ್ಲೇ ಹೇಳಿತ್ತು. 10.45 ಎಂಬುದನ್ನು ನಾವು ಕಲಿತದ್ದು ಅಲ್ಲಿಂದ.

ಭಾರತೀಯ ಕಾಲಮಾನ ಎಂಬ ಎರಡು ಪದ ಹೊರದೇಶದಲ್ಲಿರುವ ಮಾಲೀಕರಿಗಾಗಿ. ಜುಲೈನಲ್ಲಿ ನಮ್ಮ ಬೆಳಿಗ್ಗೆ 11 ಅಂದರೆ ದುಬೈನಲ್ಲಿ 9.30, ನ್ಯೂಯಾರ್ಕ್‌ನಲ್ಲಿ ನಡುರಾತ್ರಿ ದಾಟಿ 1.30.

ಮತದಾನದ ಸಾಲನ್ನು ಹೈಬ್ರಿಡ್ ಸಭೆ ಕರೆಯುವವರು ಹೆಚ್ಚಾಗಿ ಮರೆಯುತ್ತಾರೆ. ನನ್ನ ಪ್ರಕಾರ ಜಗಳ ಹುಟ್ಟುವುದೇ ಅಲ್ಲಿ. ಆನ್‌ಲೈನ್‌ನಲ್ಲಿ ಸೇರಿದವರು ಕೋರಂಗೆ ಲೆಕ್ಕವೇ, ಅವರ ಮತ ನಡೆಯುತ್ತದೆಯೇ ಎಂಬುದನ್ನು ಸಂಘದ ಬೈಲಾ ನೋಡಿ ಮೊದಲೇ ಬರೆಯಬೇಕು. ಕೈ ಎತ್ತುವ ಹೊತ್ತಿಗೆ ‘ನಿಮ್ಮದು ಲೆಕ್ಕಕ್ಕಿಲ್ಲ’ ಎಂದರೆ, ರಾತ್ರಿ ನಿದ್ದೆಗೆಟ್ಟು ಕೂತವರಿಗೆ ಅದು ಅವಮಾನ.

ಲಿಂಕ್ ಬರೆಯುವಾಗ ಅದಕ್ಕೇ ಒಂದು ಸಾಲು ಕೊಡಿ. ಕೊನೆಗೆ ಪೂರ್ಣವಿರಾಮ ಅಂಟಿದರೆ ಕೆಲವು ಆ್ಯಪ್‌ಗಳು ಅದನ್ನೂ ವಿಳಾಸಕ್ಕೆ ಸೇರಿಸಿಕೊಳ್ಳುತ್ತವೆ. ಲಿಫ್ಟ್ ಬಳಿಯ ಫಲಕಕ್ಕೆ ಹಚ್ಚಿದ ಕಾಗದದ ಮೇಲೆ ಒತ್ತಲು ಆಗುವುದಿಲ್ಲ. ಹಾಗಾಗಿ ಅಲ್ಲಿ ಮೀಟ್ ಆದರೆ ಹತ್ತು ಅಕ್ಷರಗಳ ಕೋಡನ್ನು, ಜೂಮ್ ಆದರೆ ಮೀಟಿಂಗ್ ಐಡಿ ಮತ್ತು ಪಾಸ್‌ಕೋಡನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿ. ಸಭೆಯ ರೀತಿ ಕೊನೆಗಳಿಗೆಯಲ್ಲಿ ಬದಲಾದರೆ ಹಳೆಯ ಸಂದೇಶವನ್ನು ಸದ್ದಿಲ್ಲದೆ ತಿದ್ದಬೇಡಿ. ‘ಬದಲಾಗಿದೆ: ಆನ್‌ಲೈನ್ ಮಾತ್ರ, ಸಭಾಂಗಣಕ್ಕೆ ಬರಬೇಡಿ’ ಎಂಬ ಮೊದಲ ಸಾಲಿನೊಂದಿಗೆ ಹೊಸದನ್ನೇ ಕಳಿಸಿ, ಸಭಾಂಗಣದ ಬಾಗಿಲಿಗೂ ಅದನ್ನೇ ಅಂಟಿಸಿ.

ಸಭೆಯ ಹಿಂದಿನ ದಿನ ನೋಟಿಸಿನಲ್ಲಿರುವ ಲಿಂಕನ್ನು ಸಂಘದ ಖಾತೆಯಲ್ಲಿ ಅಲ್ಲ, ಬೇರೆಯವರ ಫೋನಿನಲ್ಲಿ ಒತ್ತಿ ನೋಡಿ. ಖಾತೆದಾರರಿಗೆ ನೇರ ತೆರೆಯುವ ಬಾಗಿಲು ಉಳಿದವರಿಗೆ ಒಳಗಿನಿಂದ ಯಾರಾದರೂ ಅನುಮತಿ ಕೊಟ್ಟರಷ್ಟೇ ತೆರೆಯುವಂತಿರಬಹುದು. ಹಾಗಿದ್ದರೆ, ಸಭೆಯ ಉದ್ದಕ್ಕೂ ಲ್ಯಾಪ್‌ಟಾಪ್ ಮುಂದೆ ಕೂರಲು ಒಬ್ಬರನ್ನು ಇವತ್ತೇ ಗೊತ್ತುಮಾಡಿ.